ಕಿವಿ ಮಂದ, ಕಣ್ಣು ಮಂಜಾದ ಹಿರಿಯರಿಗೆ ಹುಟ್ಟುಹಬ್ಬದ ಶುಭಾಶಯ ಮುಟ್ಟಿಸುವುದು ಹೇಗೆ: ಎಂಟು ದಿನದ ತಯಾರಿ, ಹಂತ ಹಂತವಾಗಿ

ಹೋದ ವರ್ಷ ನಮ್ಮ ಆಯಿಯ, ಅಂದರೆ ಅಜ್ಜಿಯ, ಹುಟ್ಟಿದ ದಿನ ನಾವು ಹನ್ನೆರಡು ಜನ ಸೇರಿ ವಿಡಿಯೋ ಕಾಲ್ ಮಾಡಿದೆವು. ಹುಬ್ಬಳ್ಳಿಯಿಂದ ನಾನು, ಪುಣೆಯಿಂದ ಅತ್ತೆಯ ಮಕ್ಕಳು, ಬೆಂಗಳೂರಿನಿಂದ ತಮ್ಮ. ರೋಣ ತಾಲೂಕಿನ ಊರಿನಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಫೋನನ್ನು ಆಯಿಯ ಮುಖಕ್ಕೆ ಹಿಡಿದಳು. ನಾವೆಲ್ಲ ಒಟ್ಟಿಗೆ ಕೂಗಿದೆವು. ಆಯಿ ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ "ಎಲ್ಲೋ ಜಗಳ ನಡದೈತಿ, ಬಂದ್ ಮಾಡವಾ ಅದನ್ನ" ಅಂದಳು. ಕಾಕು ಬಂದ್ ಮಾಡಿದಳು. ಅಲ್ಲಿಗೆ ಶುಭಾಶಯ ಮುಗಿಯಿತು.

ಇದನ್ನು ಹೇಳಿಕೊಂಡಾಗ ಧಾರವಾಡ, ಹಾವೇರಿ ಕಡೆಯ ಗೆಳೆಯರೂ ಇಂಥದೇ ಕಥೆ ಹೇಳಿದರು. ಎಲ್ಲರ ತಪ್ಪೂ ಹೆಚ್ಚುಕಡಿಮೆ ಒಂದೇ. ಹುಟ್ಟುಹಬ್ಬದ ದಿನವೇ ಫೋನ್ ಹಚ್ಚುವುದು, ಕೇಳಿಸದಿದ್ದರೆ ಇನ್ನೂ ಜೋರಾಗಿ ಒದರುವುದು, ಅದೂ ಆಗದಿದ್ದರೆ ವಾಟ್ಸಾಪ್‌ನಲ್ಲಿ ಹೂವಿನ ಚಿತ್ರ ಕಳಿಸಿ ಕೈ ತೊಳೆದುಕೊಳ್ಳುವುದು. ಈ ವರ್ಷ ನಾವು ಕ್ರಮ ಬದಲಿಸಿದೆವು. ದೊಡ್ಡಕ್ಷರದ ಹಾಳೆ ಮೊದಲು, ಫೋನ್ ಆಮೇಲೆ. ಏನು ಹೇಳುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಕೇಳಿಸಿದ ಮಾತೂ ಪೂರ್ತಿ ಆಗುತ್ತದೆ. ಗೊತ್ತಿಲ್ಲದಿದ್ದರೆ ಮುಕ್ಕಾಲು ಕೇಳಿಸಿದರೂ ಅದು ಬರೀ ಸದ್ದು.

ಬೇಕಾಗುವ ಸಾಮಾನು ಸ್ವಲ್ಪವೇ: ಎರಡು ಡ್ರಾಯಿಂಗ್ ಹಾಳೆ, ದಪ್ಪ ತುದಿಯ ಕಪ್ಪು ಮಾರ್ಕರ್, ಪೆನ್ಸಿಲ್, ಅಳತೆಪಟ್ಟಿ. ಜೊತೆಗೆ ಹಿರಿಯರ ಹತ್ತಿರ ಇರುವ, ನೀವು ಹೇಳಿದ್ದನ್ನು ತಾಳ್ಮೆಯಿಂದ ಮಾಡುವ ಒಬ್ಬರು. ಈ ಒಬ್ಬರು ಸಿಗದಿದ್ದರೆ ಫೋನಿನ ಆಸೆ ಬಿಟ್ಟು ನೀವೇ ಬಸ್ ಹತ್ತಿ ಹೋಗುವುದು ಒಳ್ಳೆಯದು.

## ಹಂತ 1: ಎಂಟು ದಿನ ಮೊದಲು ಮೂರು ವಿಷಯ ಕೇಳಿಕೊಳ್ಳಿ

ಮೊದಲನೆಯದು, ದಿನ ಯಾವುದು. ಇದೇನು ಕೇಳುವ ಮಾತಾ ಅನ್ನಬೇಡಿ. ನಮ್ಮ ಕಡೆ ಎಪ್ಪತ್ತು ದಾಟಿದ ಎಷ್ಟೋ ಜನರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜೂನ್ 1 ಅಂತ ಇರುತ್ತದೆ. ಅದು ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ತಾರೀಖು. ನಮ್ಮ ಆಯಿಯ ಲೆಕ್ಕದಲ್ಲಿ ಅವಳು ಹುಟ್ಟಿದ್ದು ಸೀಗಿ ಹುಣ್ಣಿವೆಯ ಹಿಂದಿನ ದಿನ. ಜೂನ್ 1ಕ್ಕೆ ಫೋನ್ ಮಾಡಿ ಎಷ್ಟು ಚೆನ್ನಾಗಿ ಹೇಳಿದರೂ ಅವಳಿಗೆ ಅರ್ಥವಾಗುವುದಿಲ್ಲ, ಯಾಕಂದರೆ ಅವತ್ತು ಅವಳ ಮನಸ್ಸಿನಲ್ಲಿ ಹುಟ್ಟುಹಬ್ಬವೇ ಇರುವುದಿಲ್ಲ. ಕಿವಿ ಮಂದ ಇದ್ದವರು ಊಹೆಯ ಮೇಲೆ ಕೇಳುತ್ತಾರೆ. ಅವರು ನೆನಪಿಟ್ಟ ದಿನವನ್ನೇ ಹಿಡಿಯಿರಿ.

ಎರಡನೆಯದು, ಯಾವ ಕಿವಿ ಚಲೋ ಇದೆ. ಹಿರಿಯರನ್ನೇ ಕೇಳಿದರೆ "ಎರಡೂ ಚಲೋ ಅದಾವ, ನೀವ ಸಣ್ಣಗ ಮಾತಾಡ್ತೀರಿ" ಅನ್ನುತ್ತಾರೆ. ಅದರ ಬದಲು ಅವರು ತಾವಾಗಿಯೇ ಫೋನನ್ನು ಯಾವ ಕಿವಿಗೆ ಹಿಡಿಯುತ್ತಾರೆ, ಯಾರಾದರೂ ಮಾತಾಡಿಸಿದರೆ ಯಾವ ಕಡೆ ತಲೆ ತಿರುಗಿಸುತ್ತಾರೆ ಅಂತ ಎರಡು ದಿನ ಸುಮ್ನೆ ನೋಡಲು ಹೇಳಿ. ಕಾಕು ನೋಡಿ ಹೇಳಿದ್ದು: ಬಲಗಿವಿ.

ಮೂರನೆಯದು, ಕಣ್ಣು. ಇದಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ಅದರಲ್ಲಿ ತಾರೀಖಿನ ಅಂಕಿ ದೊಡ್ಡದು, ಕೆಳಗೆ ತಿಥಿ ಸಣ್ಣದು. ಕ್ಯಾಲೆಂಡರನ್ನು ಕೈಗೆ ಕೊಟ್ಟು "ಅಮವಾಸಿ ಯಾವಾಗ ಐತಿ ನೋಡು" ಅನ್ನಿ. ತಿಥಿ ಓದಿದರೆ ನಿಮ್ಮ ಕೆಲಸ ಸುಲಭ. ತಾರೀಖಷ್ಟೇ ಓದಿದರೆ ದೊಡ್ಡಕ್ಷರ ಬೇಕೇ ಬೇಕು. ಅದೂ ಕಾಣದೆ ಕೈಯಿಂದ ಸವರಿದರೆ ಹಾಳೆ ನಡೆಯುವುದಿಲ್ಲ, ಆ ದಾರಿಯನ್ನು ಹಂತ 6ರಲ್ಲಿ ಹೇಳಿದ್ದೇನೆ.

ಕಣ್ಣಿನ ಕಾಯಿಲೆಯ ಹೆಸರನ್ನೂ ಕೇಳಿಕೊಳ್ಳಿ. ಪೊರೆ ಬಂದಿದ್ದರೆ ಎಲ್ಲವೂ ಮಂಜಾಗಿ, ಸ್ವಲ್ಪ ಹಳದಿಯಾಗಿ ಕಾಣುತ್ತದೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ. ಅಕ್ಷಿಪಟಲದ ನಡುಭಾಗ ಸವೆದಿದ್ದರೆ ನೇರ ನೋಡಿದ ಕಡೆಯೇ ಮಸುಕು, ಅಕ್ಕಪಕ್ಕ ಕಾಣುತ್ತದೆ. ಗ್ಲಾಕೋಮಾ ಮುಂದುವರಿದಿದ್ದರೆ ಇದಕ್ಕೆ ತದ್ವಿರುದ್ಧ, ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ. ಅಕ್ಷರ ಎಷ್ಟು ದೊಡ್ಡದಿರಬೇಕು ಅನ್ನುವುದು ಇದರ ಮೇಲೆ ನಿಂತಿದೆ.

## ಹಂತ 2: ಮಾತನ್ನು ಆರಿಸಿ. "ಶುಭಾಶಯ" ಬೇಡ

ಜಾಸ್ತಿ ಜನ ಸೋಲುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗುವುದು ತೆಳುವಾದ, ಮೇಲಿನ ಶ್ರುತಿಯ ಸದ್ದುಗಳು. ನಮ್ಮ ಮಾತಿನಲ್ಲಿ ಸ, ಶ, ಷ, ಹ, ಫ ಇಂಥವೆಲ್ಲ ಬರೀ ಉಸಿರಿನ ಸದ್ದು, ತೆಳು. ತ, ಕ, ಪ ಕೂಡ ಮೃದುವೇ. ಮ, ನ, ಬ, ಲ, ಳ ಮತ್ತು ಎಲ್ಲಾ ಸ್ವರಾಕ್ಷರಗಳು ಗಂಟಲಿನಿಂದ ಬರುವ ತುಂಬಿದ ಸದ್ದು, ಇವು ಬಹಳ ವರ್ಷ ಉಳಿಯುತ್ತವೆ. ಅದಕ್ಕೇ ಹಿರಿಯರು "ಮಾತಾಡೋದು ಕೇಳತೈತಿ, ಏನಂತಾರ ಅನ್ನೂದ ತಿಳೀವಲ್ದು" ಅನ್ನುವುದು. ಅದು ನೆಪವಲ್ಲ, ನಿಜವಾಗಿ ಹಾಗೇ ಆಗುತ್ತದೆ.

ಈಗ "ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು" ಅನ್ನುವುದನ್ನು ಇದರ ಮೇಲೆ ಇಟ್ಟು ನೋಡಿ. ಹ ಮೂರು ಸಲ, ಶ ಎರಡು ಸಲ. ಅವು ಬಿದ್ದುಹೋದರೆ ಉಳಿಯುವುದು "ಉಟ್ಟುಅಬ್ಬದ ಆರ್ದಿಕ ಉಬಾಅಯಗಳು". ಜೊತೆಗೆ ಅದು ಉದ್ದ, ನಡುವೆ ಉಸಿರು ತೆಗೆಯುವ ಜಾಗವಿಲ್ಲ. ಮೇಲಾಗಿ ನಮ್ಮ ಆಯಿ ಜೀವನದಲ್ಲಿ ಒಂದು ಸಲವೂ ಬಳಸದ ಮಾತು.

ಹೆಸರಿಗೂ ಇದೇ ಗತಿ. ಸತೀಶ ಅನ್ನುವ ಹೆಸರಿನಲ್ಲಿ ಮೂರು ಅಕ್ಷರವೂ ತೆಳು. ಫೋನಿನಲ್ಲಿ "ನಾನು ಸತೀಶ" ಅಂದರೆ "ನಾನು" ಮಾತ್ರ ತಲುಪುತ್ತದೆ. ಅದರ ಬದಲು ಊರು ಮತ್ತು ಸಂಬಂಧ ಹೇಳಿ. "ನಾನು, ಹುಬ್ಬಳ್ಳಿ ಮೊಮ್ಮಗ." ಇದರಲ್ಲಿ ಬ್ಬ, ಳ್ಳ, ಮ್ಮ ಎಲ್ಲ ತುಂಬಿದ ಸದ್ದು. ಹ ಬಿದ್ದರೂ "ಉಬ್ಬಳ್ಳಿ" ಅಂತಲೇ ಕೇಳಿಸುತ್ತದೆ, ನಮ್ಮ ಊರುಗಳಲ್ಲಿ ಅನ್ನುವುದೂ ಹಾಗೇ ಅಲ್ವಾ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಎಂಬತ್ತು, ತೊಂಬತ್ತು ಎರಡೂ ಕಿವಿಗೆ ಅವಳಿ ಜವಳಿ. ಮೊದಲಿನ ತ ಬಿದ್ದರೆ ಕಥೆ ಮುಗಿಯಿತು. ವಯಸ್ಸನ್ನು ಬಾಯಿಯಿಂದ ಮಾತ್ರ ಹೇಳಬೇಡಿ, ಹಾಳೆಯ ಮೇಲೆ ಅಂಕಿಯಲ್ಲಿ ಬರೆಯಿರಿ.

ಆಯಿಗಾಗಿ ನಾವು ಆರಿಸಿದ್ದು ನಾಲ್ಕೇ ಮಾತು:

ಆಯೀ.
ನಾನು, ಹುಬ್ಬಳ್ಳಿ ಮೊಮ್ಮಗ.
ಇಂದು ನೀ ಹುಟ್ಟಿದ ದಿನ.
ನಿನಗ ಎಂಬತ್ತು ತುಂಬಿತು.

"ನೂರು ವರ್ಷ ಬಾಳು" ಅಂತ ಐದನೆಯದನ್ನು ತಂಗಿ ಸೇರಿಸಬೇಕು ಅಂದಳು. ದೊಡ್ಡವರಿಗೆ ನಾವು ಆಶೀರ್ವಾದ ಮಾಡಿದಂತೆ ಆಗುತ್ತದೆ ಅಂತ ಕಾಕು ಬಿಡಲಿಲ್ಲ. ನಿಮ್ಮ ಮನೆಯಲ್ಲಿ ನಡೆಯುತ್ತದೆ ಅಂದರೆ ಸೇರಿಸಿ. ಆದರೆ ಐದಕ್ಕಿಂತ ಮುಂದೆ ಹೋಗಬೇಡಿ.

## ಹಂತ 3: ದೊಡ್ಡಕ್ಷರದ ಹಾಳೆ

ಅಳತೆಯನ್ನು ಊಹಿಸಬೇಡಿ. ಒಂದು ಹಾಳೆಯ ಮೇಲೆ ಮೂರು ಬೇರೆ ಬೇರೆ ಪದಗಳನ್ನು ಅರ್ಧ ಇಂಚು, ಒಂದು ಇಂಚು, ಎರಡು ಇಂಚು ಎತ್ತರದಲ್ಲಿ ಬರೆಸಿ. ಒಂದೇ ಪದ ಬೇಡ, ದೊಡ್ಡದನ್ನು ಓದಿ ಸಣ್ಣದನ್ನು ಊಹಿಸಿಬಿಡುತ್ತಾರೆ. ಅವರು ದಿನಾ ಕೂರುವ ಜಾಗದಲ್ಲಿ, ದಿನಾ ಹಾಕುವ ಚಾಳೀಸು ಹಾಕಿ, ಕೈಯಲ್ಲಿ ಹಿಡಿದು ಓದಲಿ. ಕಣ್ಣು ಕಿರಿದು ಮಾಡಿ, ಕಷ್ಟಪಟ್ಟು ಓದಿದ ಅಳತೆ ಯಾವುದೋ ಅದರ ಎರಡರಷ್ಟು ನಿಮ್ಮ ಅಳತೆ. ಆಯಿ ಅರ್ಧ ಇಂಚಿನ "ಮನಿ" ಅನ್ನುವುದನ್ನು ತಡವರಿಸಿ ಓದಿದಳು. ಹಾಗಾಗಿ ನಾವು ಒಂದು ಇಂಚು ಹಿಡಿದೆವು.

ಅಳತೆ ಅಂದರೆ ಮುಖ್ಯ ಅಕ್ಷರದ ಎತ್ತರ. ಇಂಗ್ಲಿಷ್ ಅಕ್ಷರಕ್ಕೆ ಹೇಳುವ ಅಳತೆಯನ್ನು ಕನ್ನಡಕ್ಕೆ ಹಚ್ಚಿದರೆ ಕೆಡುತ್ತದೆ. ದೊಡ್ಡಕ್ಷರದ ಪುಸ್ತಕಕ್ಕೆ 18 ಪಾಯಿಂಟ್ ಸಾಕು ಅನ್ನುವುದು ಇಂಗ್ಲಿಷಿನ ರೂಢಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಅರ್ಧ ಅಳತೆಗೆ ಇಳಿಯುತ್ತದೆ, ಕೊಂಬು ಪಕ್ಕಕ್ಕೆ ಅಂಟುತ್ತದೆ, ಪ ಮತ್ತು ಷ ನಡುವೆ, ದ ಮತ್ತು ಧ ನಡುವೆ ಇರುವುದು ಒಂದೇ ಸಣ್ಣ ಗೆರೆ. ಹಾಗಾಗಿ ಒತ್ತಕ್ಷರವನ್ನು ಬೇಕಂತಲೇ ದೊಡ್ಡದು ಮಾಡಿ ಬರೆಯಿರಿ, ಮುಖ್ಯ ಅಕ್ಷರದ ಮುಕ್ಕಾಲಿನಷ್ಟು ಇರಲಿ. ನೋಡಲು ಸ್ವಲ್ಪ ವಿಚಿತ್ರ ಕಾಣುತ್ತದೆ. ಕಾಣಲಿ ಬಿಡಿ.

ಬರೆಯುವ ಕ್ರಮ ಹೀಗೆ. ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಿ. ಒಂದು ಸಾಲಿನ ಅಕ್ಷರ ಮುಗಿದ ಮೇಲೆ ಒಂದು ಪೂರ್ತಿ ಅಕ್ಷರದಷ್ಟು ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಆಮೇಲೆ ಮಾರ್ಕರಿನಿಂದ ತಿದ್ದಿ. ಗೆರೆಯ ದಪ್ಪ ಅಕ್ಷರದ ಎತ್ತರದ ಆರನೆಯ ಒಂದು ಪಾಲು ಇರಲಿ, ಅಂದರೆ ಒಂದು ಇಂಚಿನ ಅಕ್ಷರಕ್ಕೆ ಸುಮಾರು 4 ಮಿಲಿಮೀಟರ್. ಇದಕ್ಕಿಂತ ದಪ್ಪವಾದರೆ ಬ, ಭ, ಚ ಇವುಗಳ ಒಳಗಿನ ಜಾಗ ತುಂಬಿ ಎಲ್ಲವೂ ಒಂದೇ ಕರಿ ಉಂಡೆ ಆಗುತ್ತದೆ.

ಬಣ್ಣ ಕಪ್ಪು, ಹಾಳೆ ಬಿಳಿ ಅಥವಾ ತಿಳಿ ಹಳದಿ. ಪೊರೆ ಬಂದ ಕಣ್ಣಿಗೆ ನೀಲಿ, ನೇರಳೆ ಎರಡೂ ಮಾಸಿ ಹೋಗುತ್ತವೆ. ಗುಲಾಬಿ ಹಾಳೆಯ ಮೇಲೆ ಕೆಂಪಕ್ಷರ ನಮಗೆ ಚೆಂದ, ಅವರಿಗೆ ಒಂದೇ ಬಣ್ಣ. ಹೊಳೆಯುವ ಹಾಳೆ, ಲ್ಯಾಮಿನೇಷನ್, ಜರಿ ಪುಡಿ ಖಂಡಿತ ಬೇಡ, ಬೆಳಕು ಬಿದ್ದು ಅಕ್ಷರವೇ ಕಾಣದಂತಾಗುತ್ತದೆ. ಅಕ್ಷರದ ಹಿಂದೆ ಹೂವಿನ ಚಿತ್ರವೂ ಬೇಡ.

ಗ್ಲಾಕೋಮಾದಿಂದ ನೋಟ ಕಿರಿದಾದವರಿಗೆ ಮಾತ್ರ ಈ ಲೆಕ್ಕ ತಲೆಕೆಳಗು. ಅಕ್ಷರ ದೊಡ್ಡದಾದಷ್ಟೂ ಅವರ ನೋಟದ ಕೊಳವೆಗೆ ಹಿಡಿಸುವುದಿಲ್ಲ. "ಎಂಬತ್ತು" ಅನ್ನುವುದರಲ್ಲಿ "ಬ" ಒಂದೇ ಕಂಡರೆ ಏನು ಓದುವುದು? ಅವರಿಗೆ ಅರ್ಧ ಇಂಚು ಅಥವಾ ಇನ್ನೂ ಸಣ್ಣದು, ಒಳ್ಳೆಯ ಕಪ್ಪು, ಒಳ್ಳೆಯ ಬೆಳಕು, ಚಿಕ್ಕ ಸಾಲು. ನಡುನೋಟ ಹೋದವರು ಹಾಳೆಯನ್ನು ಓರೆ ಹಿಡಿದು, ಪಕ್ಕದಿಂದ ನೋಡಿ ಓದುತ್ತಾರೆ. "ನೆಟ್ಟಗ ನೋಡ್ರಿ" ಅಂತ ತಿದ್ದಬೇಡಿ. ಅವರಿಗೆ ಕಾಣುವುದೇ ಹಾಗೆ.

ನೀವು ದೂರದಲ್ಲಿದ್ದರೆ ಅಂಚೆಗೆ ಹಾಕಿ, ಇಲ್ಲವೇ ಹಾಳೆಯ ಚಿತ್ರ ಕಳಿಸಿ ಅಲ್ಲಿಯ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ. ಎ4 ಹಾಳೆಯಲ್ಲಿ ಬರೆದದ್ದನ್ನು ಎ3ಕ್ಕೆ ದೊಡ್ಡದು ಮಾಡಲು 141 ಪರ್ಸೆಂಟ್ ಅಂತ ಹೇಳಿದರೆ ಸಾಕು, ಅಂಗಡಿಯವರಿಗೆ ಗೊತ್ತಾಗುತ್ತದೆ. ಬಂದ ಹಾಳೆಯ ಒಂದು ಅಕ್ಷರವನ್ನು ಅಳತೆಪಟ್ಟಿ ಇಟ್ಟು ನೋಡಲು ಹೇಳಿ. ನಮ್ಮದು ಮೊದಲ ಸಲ ಮುಕ್ಕಾಲು ಇಂಚಿಗೆ ಇಳಿದಿತ್ತು. ಅಂಗಡಿಯವರು ಸುತ್ತ ಚೆಂದದ ಅಂಚು ಬಿಟ್ಟಿದ್ದರು.

ಓದು ಬಾರದ ಹಿರಿಯರಿಗೆ ಅಕ್ಷರದ ಬದಲು ಚಿತ್ರ. ಇಡೀ ಕುಟುಂಬದ ಫೋಟೋ ಅಲ್ಲ. ಶುಭಾಶಯ ಹೇಳುವ ಒಬ್ಬರದೇ ಮುಖ, ಎ3 ಹಾಳೆ ತುಂಬುವಷ್ಟು, ಹಿಂದೆ ಖಾಲಿ ಗೋಡೆ. ಕೆಳಗೆ ಅಂಕಿಯಲ್ಲಿ ವಯಸ್ಸು. ಅಕ್ಷರ ಬಾರದಿದ್ದರೂ ನೋಟು, ಬಸ್ಸಿನ ನಂಬರು ನೋಡಿ ರೂಢಿಯಾದ್ದರಿಂದ ಎಷ್ಟೋ ಜನರಿಗೆ ಅಂಕಿ ಬರುತ್ತದೆ.

## ಹಂತ 4: ಅವತ್ತು ಬೆಳಿಗ್ಗೆ ಮನೆಯನ್ನು ಸದ್ದಿಲ್ಲದಂತೆ ಮಾಡುವುದು

ಈ ಹಂತ ಪೂರ್ತಿ ಹತ್ತಿರ ಇರುವವರ ಕೆಲಸ. ಹಿಂದಿನ ರಾತ್ರಿಯೇ ಹೇಳಿಟ್ಟಿರಿ.

ಬೆಳಿಗ್ಗೆ ಚಹಾ ಆದ ಮೇಲೆ, ಹತ್ತು ಗಂಟೆಯ ಸುಮಾರು ಒಳ್ಳೆಯ ಹೊತ್ತು. ಸಂಜೆ ಬೆಳಕು ಕಡಿಮೆ, ದಣಿವು ಜಾಸ್ತಿ, ಪಕ್ಕದ ಮನೆಯಲ್ಲೂ ಟಿವಿ. ಫ್ಯಾನ್, ಟಿವಿ, ಮಿಕ್ಸರ್ ಬಂದ್ ಮಾಡಬೇಕು. ಕುಕ್ಕರ್ ಒಲೆಯ ಮೇಲೆ ಇದ್ದರೆ ಇಳಿಸಬೇಕು. ನಮಗೆ ಫ್ಯಾನಿನ ಸದ್ದು ಲೆಕ್ಕಕ್ಕಿಲ್ಲ. ಮಂದ ಕಿವಿಗೆ ಮಾತು, ಫ್ಯಾನು ಎರಡೂ ಕಲಸಿ ಒಂದೇ ಆಗುತ್ತದೆ.

ಹಿರಿಯರು ಬಾಗಿಲಿಗೆ ಅಥವಾ ಕಿಟಕಿಗೆ ಬೆನ್ನು ಮಾಡಿ ಕೂರಲಿ. ಆಗ ಬೆಳಕು ಹಾಳೆಯ ಮೇಲೆ ಬೀಳುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಇದನ್ನು ಜನ ಯಾವಾಗಲೂ ಉಲ್ಟಾ ಮಾಡುತ್ತಾರೆ. ಬೆಳಕಿಗೆ ಮುಖ ಮಾಡಿ ಕೂರಿಸಿ, ಮುಂದೆ ತಾವು ನಿಂತು, "ನನ್ನ ಮುಖ ಕಾಣ್ತದೇನ?" ಅನ್ನುತ್ತಾರೆ. ಕಾಣುವುದು ಕರಿ ನೆರಳು.

ಕಿವಿಯ ಮಷೀನ್ ಇದ್ದರೆ ಬ್ಯಾಟರಿ ನೋಡಿ. ಗುಂಡಿಯಂಥ ಸಣ್ಣ ಬ್ಯಾಟರಿ ದಿನಾ ಬಳಸಿದರೆ ಒಂದೆರಡು ವಾರವಷ್ಟೇ ಬರುತ್ತದೆ. ಅದು ಗಾಳಿಯಿಂದ ಕೆಲಸ ಶುರು ಮಾಡುವ ಬ್ಯಾಟರಿ, ಹಾಗಾಗಿ ಹೊಸದರ ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಹಾಗೇ ಇಟ್ಟು ಆಮೇಲೆ ಹಾಕಬೇಕು. ಮಷೀನನ್ನು ತಿಂಗಳುಗಟ್ಟಲೆ ಡಬ್ಬಿಯಲ್ಲೇ ಇಟ್ಟಿದ್ದರೆ, ನಮ್ಮ ಆಯಿಯ ಹಾಗೆ, ಹುಟ್ಟುಹಬ್ಬದ ದಿನ ಬಲವಂತವಾಗಿ ಹಾಕಬೇಡಿ. ರೂಢಿ ತಪ್ಪಿದವರಿಗೆ ಪಾತ್ರೆಯ ಸದ್ದೂ ತಲೆಗೆ ಹೊಡೆದಂತೆ ಕೇಳಿಸುತ್ತದೆ. ಕೇಳಿಸಲಿ ಅಂತ ಕಿವಿಗೆ ಕಾಸಿದ ಎಣ್ಣೆ ಬಿಡುವುದು, ಹೇರ್‌ಪಿನ್ನಿನಿಂದ ಗುಗ್ಗೆ ತೆಗೆಯುವುದು ಅಂತೂ ಬೇಡವೇ ಬೇಡ. ಗುಗ್ಗೆ ಒಳಗೆ ಸರಿದು ಇದ್ದ ಕಿವಿಯೂ ಮುಚ್ಚುತ್ತದೆ.

ಎಲ್ಲ ಆದ ಮೇಲೆ ಹಾಳೆ ಕೈಗೆ ಕೊಡಬೇಕು. ಓದಿ ಮುಗಿಸುವ ತನಕ ಯಾರೂ ಮಾತಾಡಬಾರದು. ಆಯಿ ನಾಲ್ಕು ಸಾಲಿಗೆ ಪೂರ್ತಿ ಎರಡು ನಿಮಿಷ ತೆಗೆದುಕೊಂಡಳು. ಕಾಕುಗೆ ನಡುವೆ ಎರಡು ಸಲ ಬಾಯಿ ತುರಿಸಿತಂತೆ. ಓದಿ ಆದ ಮೇಲೆ ಕಾಕು ನನಗೆ ಮಿಸ್ಡ್ ಕಾಲ್ ಕೊಟ್ಟಳು. ಆ ಗುರುತು ಮೊದಲೇ ಮಾತಾಡಿಕೊಂಡದ್ದು.

## ಹಂತ 5: ಫೋನ್

ಸಾದಾ ಕಾಲ್ ಮಾಡಿ, ವಿಡಿಯೋ ಬೇಡ. ಊರಕಡೆ ನೆಟ್‌ವರ್ಕ್ ಏರಿಳಿದಾಗ ಇಂಟರ್ನೆಟ್ ಕರೆ ಮಾತನ್ನು ತುಂಡು ತುಂಡು ಮಾಡುತ್ತದೆ. ನಾವು ತುಂಡನ್ನು ಜೋಡಿಸಿಕೊಳ್ಳುತ್ತೇವೆ, ಮಂದ ಕಿವಿಗೆ ಆಗುವುದಿಲ್ಲ. ಎರಡೂ ಕಡೆಯ ಫೋನಿನಲ್ಲಿ ಸಾದಾ ಕರೆಯನ್ನು 4G ಮೇಲೆಯೇ ಸಾಗಿಸುವ VoLTE ಇದ್ದರೆ ಇನ್ನೂ ಒಳ್ಳೆಯದು. ಹಳೇ ರೀತಿಯ ಫೋನ್ ಕರೆ 3400 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಸಾಗಿಸುವುದೇ ಇಲ್ಲ, ಸ ಕೂತಿರುವುದು ಹೆಚ್ಚಾಗಿ ಅದರ ಮೇಲೆಯೇ. ಕಿವಿ ಚಲೋ ಇದ್ದವರಿಗೂ ಫೋನಿನಲ್ಲಿ ಸ-ಫ ಕಲಸುವುದು ಇದಕ್ಕೇ. VoLTEಯಲ್ಲಿ ಸಾಮಾನ್ಯವಾಗಿ ಇದರ ಎರಡರಷ್ಟು ಮೇಲಿನ ತನಕ ಸಾಗುತ್ತದೆ.

ಸ್ಪೀಕರ್ ಹಾಕಬೇಕೇ ಬೇಡವೇ? ಮಷೀನ್ ಇಲ್ಲದಿದ್ದರೆ ಫೋನನ್ನು ಚಲೋ ಕಿವಿಗೆ ಒತ್ತಿ ಹಿಡಿಯುವುದೇ ಉತ್ತಮ. ಮಷೀನ್ ಹಾಕಿದವರು ಹಾಗೆ ಒತ್ತಿದರೆ ಕೀ ಅಂತ ಸಿಳ್ಳೆ ಬರುತ್ತದೆ. ಕಿವಿಯ ಹಿಂದೆ ಕೂರುವ ಮಷೀನಾದರೆ ಅದರ ಮೈಕು ಮೇಲೆ ಇರುತ್ತದೆ, ಫೋನನ್ನು ಕಿವಿಯ ತೂತಿಗಲ್ಲ, ಸ್ವಲ್ಪ ಮೇಲಕ್ಕೆ, ಮೈಕಿನ ಹತ್ತಿರ ಓರೆ ಹಿಡಿಯಬೇಕು. ಅದೂ ಕಷ್ಟವಾದರೆ ಸ್ಪೀಕರ್ ಹಾಕಿ ಕಿವಿಯಿಂದ ಒಂದು ಗೇಣು ದೂರ ಹಿಡಿಯಿರಿ. ಖೋಲಿಯ ನಡುವೆ ಸ್ಟೂಲಿನ ಮೇಲೆ ಇಟ್ಟರೆ ಪ್ರಯೋಜನವಿಲ್ಲ. ದೂರ ಎರಡರಷ್ಟಾದಾಗ ಸದ್ದು 6 ಡೆಸಿಬಲ್ ಇಳಿಯುತ್ತದೆ, ಅದನ್ನು ತುಂಬಲು ನೀವು ಒದರಬೇಕಾಗುತ್ತದೆ.

ಒದರುವುದು ಯಾಕೆ ಕೆಲಸಕ್ಕೆ ಬರುವುದಿಲ್ಲ ಅಂದರೆ, ಒದರಿದಾಗ ಹಿಗ್ಗುವುದು ಆ, ಈ, ಓ ಮಾತ್ರ. ತೆಳು ಅಕ್ಷರಗಳು ಇದ್ದಲ್ಲೇ ಇರುತ್ತವೆ, ಅವುಗಳ ಮೇಲೆ ಸ್ವರದ ಸದ್ದು ಬಿದ್ದು ಮುಚ್ಚಿಹೋಗುತ್ತವೆ. ದನಿಯೂ ಕೀರಲಾಗುತ್ತದೆ. ಮೇಲಾಗಿ ಮಂದ ಕಿವಿಗೆ ಸಣ್ಣ ಸದ್ದು ಕೇಳಿಸದಿದ್ದರೂ ಜೋರು ಸದ್ದು ನಮಗಾಗುವಷ್ಟೇ ನೋವು ಕೊಡುತ್ತದೆ. "ಏನ?" ಅಂದ ಮರುಕ್ಷಣವೇ "ಯಾಕ ಒದರ್ತಿ?" ಅನ್ನುವುದು ಅದಕ್ಕೇ.

ಹಾಗಾದರೆ ಜೋರು ದನಿ ಅಂದರೆ ಹೇಗೆ? ಗದ್ದಲದ ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವಷ್ಟು. ಹೊಟ್ಟೆಯಿಂದ, ದಪ್ಪ ದನಿಯಲ್ಲಿ. ಫೋನು ಬಾಯಿಯಿಂದ ನಾಲ್ಕು ಬೆರಳು ದೂರ. ಒಂದು ಮಾತು ಆದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ. ಅಕ್ಷರ ಅಕ್ಷರ ಬಿಡಿಸಿ "ಹು... ಟ್ಟಿ... ದ" ಅನ್ನಬೇಡಿ, ಪದ ಮುರಿಯುತ್ತದೆ. ಪದ ಪೂರ್ತಿ ಹೇಳಿ, ನಡುವೆ ಜಾಗ ಬಿಡಿ.

ಸ್ಪೀಕರಿನಲ್ಲಿ ಮಾತಿನ ಮೊದಲ ತುಣುಕು ನುಂಗಿಹೋಗುವುದುಂಟು. ಹಾಗಾಗಿ ಮೊದಲು "ಆಯೀ" ಅನ್ನಿ, ಅವರ "ಹಾಂ" ಬರುವ ತನಕ ಕಾಯಿರಿ. ನಮ್ಮದು ನಡೆದದ್ದು ಹೀಗೆ:

"ಆಯೀ."
"ಹಾಂ, ಯಾರಪಾ?"
"ನಾನು, ಹುಬ್ಬಳ್ಳಿ ಮೊಮ್ಮಗ."
"ಹೂಂ, ಹೇಳೋ."
"ಇಂದು ನೀ ಹುಟ್ಟಿದ ದಿನ."
"ಏನಂದಿ?"
"ಇಂದು ನೀ ಹುಟ್ಟಿದ ದಿನ."
"ಏ, ಹಾಳ್ಯಾಗ ಓದೀನಿ. ಎಂಬತ್ತ ಬರದೀರಿ. ಯಾರ್ ಹೇಳಿದ್ರು ನಿಮಗ? ಎಪ್ಪತ್ತೆಂಟ ನನಗ."

ಲೆಕ್ಕ ಅವಳದೇ ಸರಿ ಅಂತ ಆಮೇಲೆ ಗೊತ್ತಾಯಿತು. ಅದಿರಲಿ, ಮಾತು ಮುಟ್ಟಿತ್ತು.

"ಏನಂದಿ" ಅಂದಾಗ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಂದೇ ಸಲ ಹೇಳಿ. ಮತ್ತೂ ಮುಟ್ಟದಿದ್ದರೆ ಪದ ಬದಲಿಸಿ, ದನಿ ಏರಿಸಬೇಡಿ. "ಇಂದು ನಿನ್ನ ಹಬ್ಬ" ಅನ್ನಿ, ಇಲ್ಲವೇ "ಹಾಳೆ ನೋಡು" ಅನ್ನಿ.

"ಕೇಳಿಸ್ತೇನ?" ಅಂತ ಕೇಳಬೇಡಿ. ಕೇಳಿಸದಿದ್ದರೂ "ಹೂಂ" ಅನ್ನುತ್ತಾರೆ, ಮಕ್ಕಳ ಮನಸ್ಸು ನೋಯಿಸಬಾರದು ಅಂತ. ಉತ್ತರ ಬೇಕಾಗುವ ಪ್ರಶ್ನೆ ಕೇಳಿ: "ಮನ್ಯಾಗ ಇಂದು ಏನು ಮಾಡ್ಯಾರ?" "ಗೋದಿ ಹುಗ್ಗಿ" ಅಂದರೆ ಮುಟ್ಟಿದೆ. "ಹೂಂ, ಮಳೀನ ಇಲ್ಲ ನೋಡು" ಅಂದರೆ ಮುಟ್ಟಿಲ್ಲ, ಊಹೆಯ ಮೇಲೆ ನಡೆದಿದೆ.

ದಪ್ಪ ದನಿಯವರು ಮೊದಲು ಮಾತಾಡಲಿ. ಸಣ್ಣ ಮಕ್ಕಳ ಕೀರಲು ದನಿ ಮಂದ ಕಿವಿಗೆ ಎಲ್ಲಕ್ಕಿಂತ ಕಷ್ಟ. ಮರಿಮಕ್ಕಳಿದ್ದರೆ ಕೊನೆಗೆ, ಒಬ್ಬರಾದ ಮೇಲೆ ಒಬ್ಬರು, "ಮುತ್ತ್ಯಾ" ಅಂತಲೋ "ಆಯೀ" ಅಂತಲೋ ಒಂದೇ ಪದ. ಒಂದು ಕರೆಗೆ ಮೂರು ಜನಕ್ಕಿಂತ ಜಾಸ್ತಿ ಬೇಡ. ಉಳಿದವರು ಮರುದಿನ ಮಾಡಲಿ, ಹುಟ್ಟುಹಬ್ಬ ಎರಡು ದಿನ ನಡೆದರೆ ಯಾರೂ ಬೈಯುವುದಿಲ್ಲ.

## ಹಂತ 6: ಎದುರಿಗೇ ಇದ್ದರೆ, ಅಥವಾ ಕಣ್ಣು ಪೂರ್ತಿ ಹೋಗಿದ್ದರೆ

ಎದುರಿಗೆ ಇದ್ದಾಗ ಚಲೋ ಕಿವಿಯ ಕಡೆ, ಒಂದು ಮೊಳ ದೂರದಲ್ಲಿ, ಅವರ ಮುಖದ ಎತ್ತರಕ್ಕೆ ಕೂತು ಮಾತಾಡಿ. ಕಿವಿಯೊಳಗೇ ಬಾಯಿ ಇಟ್ಟರೆ ತುಟಿ ಕಾಣುವುದಿಲ್ಲ. ತುಟಿ ನೋಡಿಯೇ ಪ, ಬ, ಮ ಹಿಡಿಯುವವರು ಬಹಳ.

ಕಣ್ಣು ಕಾಣದವರ ಹತ್ತಿರ ಹೋದಾಗ ಮೊದಲು ದನಿ, ಆಮೇಲೆ ಕೈ. ನಮ್ಮ ರೂಢಿಯಲ್ಲಿ ಇದು ಕೆಡುವುದು ಕಾಲಿಗೆ ನಮಸ್ಕಾರ ಮಾಡುವಾಗ. ಕಾಣದ ಕಾಲಿಗೆ ಏಕಾಏಕಿ ಕೈ ತಾಗಿದರೆ ಬೆಚ್ಚಿ ಕಾಲು ಎಳೆದುಕೊಳ್ಳುತ್ತಾರೆ, ಕಟ್ಟೆಯ ಮೇಲೆ ಕೂತಿದ್ದರೆ ಜೋಲಿ ತಪ್ಪಬಹುದು. "ಅಜ್ಜಾ, ನಾನು ಹಾವೇರಿ ಮೊಮ್ಮಗಳು. ನಮಸ್ಕಾರ ಮಾಡ್ತೀನಿ" ಅಂದು, ಕೈ ಮೊದಲು ಅವರ ಮೊಣಕಾಲಿನ ಮೇಲೆ ಇಟ್ಟು, ಆಮೇಲೆ ಬಗ್ಗಿ. ಆರತಿ ತರುವಾಗಲೂ "ಆರತಿ ಬಂತು" ಅನ್ನಿ, ತಟ್ಟೆಯನ್ನು ಮುಖದಿಂದ ಎರಡು ಗೇಣು ಆಚೆಗೇ ಹಿಡಿಯಿರಿ. ಪೊರೆ ಇದ್ದ ಕಣ್ಣಿಗೆ ಹತ್ತಿರದ ಜ್ಯೋತಿ ಕುಕ್ಕುತ್ತದೆ, ಕಾಣದವರು ಕೈ ಚಾಚಿ ಸುಟ್ಟುಕೊಳ್ಳುತ್ತಾರೆ. ಅಕ್ಷತೆಯನ್ನು ದೂರದಿಂದ ಎಸೆಯಬೇಡಿ, ನೆತ್ತಿಯ ಮೇಲೆ ಕೈಯಿಂದ ಇಡಿ.

ಪೇಡಾ ಬಾಯಿಗೆ ತುರುಕುವ ಮುಂಚೆ ಕೈಗೆ ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಎಷ್ಟು ಅಂತ ಮನೆಯವರನ್ನು ಕೇಳಿಯೇ ಕೊಡಿ. ಎದ್ದು ಹೋಗುವಾಗ "ನಾ ಹೊರಗ ಹೊಂಟೀನಿ" ಅಂತ ಹೇಳಿ ಹೋಗಿ, ಇಲ್ಲದಿದ್ದರೆ ಖಾಲಿ ಕುರ್ಚಿಯ ಜೊತೆ ಮಾತಾಡುತ್ತಾ ಕೂರುತ್ತಾರೆ. ಬಲೂನು ಒಡೆಯುವುದು, ಎಲ್ಲರೂ ಸೇರಿ ಚಪ್ಪಾಳೆ ತಟ್ಟುವುದು ಮಷೀನ್ ಹಾಕಿದ ಕಿವಿಗೆ ಪೆಟ್ಟು.

## ನಿಲ್ಲಿಸಬೇಕಾದ ಗುರುತುಗಳು

ಪ್ರತಿ ಮಾತಿಗೂ ನಗು, ಪ್ರತಿ ಮಾತಿಗೂ "ಹೂಂ ಹೂಂ" ಬರುತ್ತಿದ್ದರೆ ಅವರು ದಣಿದಿದ್ದಾರೆ. ಫೋನನ್ನು ಕಿವಿಯಿಂದ ದೂರ ಹಿಡಿದರೆ ನಿಮ್ಮ ದನಿ ಚುಚ್ಚುತ್ತಿದೆ. "ನೀ ಮಾತಾಡವಾ" ಅಂತ ಫೋನನ್ನು ಬೇರೆಯವರಿಗೆ ಕೊಟ್ಟರೆ ಮತ್ತೆ ಅವರ ಕೈಗೆ ತುರುಕಬೇಡಿ. ಐದು ನಿಮಿಷದ ಕರೆ ಸಾಕು.

ಬೇರೆ ಒಂದು ಜಾತಿಯ ಗುರುತುಗಳಿವೆ, ಅವಕ್ಕೆ ಹುಟ್ಟುಹಬ್ಬ ಬಿಟ್ಟು ದವಾಖಾನೆಗೆ ಹೋಗಬೇಕು. ಮೊನ್ನೆಯ ತನಕ ಫೋನಿನಲ್ಲಿ ಮಾತಾಡುತ್ತಿದ್ದ ಕಿವಿ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಬಂದ್ ಆದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ, ಅವತ್ತೇ ಕಿವಿಯ ಡಾಕ್ಟರಿಗೆ ತೋರಿಸಿ. ಅದಕ್ಕೆ ಔಷಧಿ ಚೆನ್ನಾಗಿ ಹಿಡಿಯುವುದು ಮೊದಲ ಕೆಲವು ದಿನಗಳಲ್ಲಿ. ಹಾಗೆಯೇ ಒಂದು ಕಣ್ಣಿಗೆ ಪರದೆ ಇಳಿದಂತೆ ಆಗುವುದು, ಮಿಂಚು ಹೊಡೆದಂತೆ ಕಾಣುವುದು, ಕಣ್ಣು ಕೆಂಪಾಗಿ ವಾಂತಿಯ ಜೊತೆ ನೋವು ಬರುವುದು, ಇವು ಯಾವುವೂ ಮರುದಿನಕ್ಕೆ ಇಡುವಂಥವಲ್ಲ.

ಹಾಳೆಯನ್ನು ಎಸೆಯಬೇಡಿ. ಹಿಂದೆ ಸಣ್ಣದಾಗಿ ಬರೆದಿಡಿ: ಯಾವ ವರ್ಷ, ಅಕ್ಷರ ಎಷ್ಟು ಇಂಚು, ಓದಲು ಎಷ್ಟು ಹೊತ್ತು ಹಿಡಿಯಿತು. ಮುಂದಿನ ಸಲ ಅದೇ ಅಳತೆಗೆ ಅವರು ತಡವರಿಸಿದರೆ ಹೊಸ ಹಾಳೆ ಬರೆಯುವ ಮುಂಚೆ ಕಣ್ಣು ತೋರಿಸಬೇಕು. ನಮ್ಮದರ ಹಿಂದೆ ಕಾಕು ಬರೆದಿದ್ದಾಳೆ: ಒಂದು ಇಂಚು, ಎರಡು ನಿಮಿಷ, ಬಲಗಿವಿ. ಮುಂದಿನ ಪಾಲು ಆಯಿಯದು. 80 ಅಂತ ಇದ್ದದ್ದನ್ನು ಅದೇ ಮಾರ್ಕರಿನಿಂದ ಹೊಡೆದು ಹಾಕಿ 78 ಮಾಡಿಸಿದ್ದಾಳೆ.